ಗೆರೆಯ ಕೆಳಗಿನದು ನಮ್ಮದಲ್ಲ

‘ಇದನ್ನೊಂದು ಸಲ ತಿದ್ದಿಕೊಡಿ, ಸಾಹೇಬರಿಗೆ ಕಳಿಸಬೇಕು’ ಎಂದು ಕೈಗೆ ಬರುವ ಮೇಲ್‌ನಲ್ಲಿ ಹೊಸದಾಗಿ ಬರೆದದ್ದು ಸಾಮಾನ್ಯವಾಗಿ ಮೂರು ನಾಲ್ಕು ಸಾಲು ಮಾತ್ರ. ಅದರ ಕೆಳಗೆ ಎರಡು ಮೂರು ವಾರ ನಡೆದ ಪತ್ರವ್ಯವಹಾರವೆಲ್ಲ ಒಂದರ ಕೆಳಗೊಂದು ಸೇರಿಕೊಂಡಿರುತ್ತದೆ. ಕಾಗುಣಿತದ ತಪ್ಪು ಮೇಲೂ ಇರುತ್ತದೆ, ಕೆಳಗೂ ಇರುತ್ತದೆ. ತಿದ್ದಲು ಕೂತವರ ಕಣ್ಣಿಗೆ ಎರಡೂ ಒಂದೇ ರೀತಿ ಚುಚ್ಚುತ್ತವೆ. ಆದರೆ ಕೈ ಆಡಿಸಬಹುದಾದದ್ದು ಮೇಲಿನ ನಾಲ್ಕು ಸಾಲಿನಲ್ಲಿ ಮಾತ್ರ.

ಕಾರಣವನ್ನು ಒಂದು ಉದಾಹರಣೆಯಲ್ಲೇ ನೋಡೋಣ. ಒಂದು ಸಣ್ಣ ಕಾರ್ಖಾನೆಯ ಖರೀದಿ ವಿಭಾಗದವರು ತಮ್ಮ ಮ್ಯಾನೇಜರ್‌ಗೆ ಕಳಿಸಬೇಕೆಂದಿರುವ ಮೇಲ್ ಇದು ಎಂದಿಟ್ಟುಕೊಳ್ಳಿ. ಹೆಸರು, ವಿಳಾಸದ ಸಾಲುಗಳನ್ನು ಇಲ್ಲಿ ಬಿಟ್ಟಿದ್ದೇನೆ.

```
ಸರ್,
ಗ್ಯಾಸ್ಕೆಟ್ ವಿಚಾರ ಮುಗಿತು. 500 ಪೀಸು 12ನೇ ತಾರೀಖು ಬುದವಾರ
ನಮ್ಮ ಕೈ ಸೇರುತೆ ಅಂತ ಅವರು ಒಪ್ಪಿಕೊಂಡಿದಾರೆ. ಕೆಳಗೆ ನೊಡಿ.

---------- Forwarded message ---------
Date: Tue, 4 Mar 2025 at 10:12
Subject: Re: ಗ್ಯಾಸ್ಕೇಟ್ ಆರ್ಡರ

ನಮಸ್ಕಾರ. 500 ಗ್ಯಾಸ್ಕೇಟ 12ನೇ ತಾರೀಕು ಮಂಗಳವಾರ ಕಳಿಸುತೇವೆ.

> 500 ಬೇಕು. 11ರೊಳಗೆ ಬಂದರೆ ಒಳ್ಳೆದು.
```

‘Forwarded message’ ಎಂಬ ಸಾಲಿನ ಮೇಲಿರುವುದು ಖರೀದಿಯವರ ಮಾತು. ಅದರ ಕೆಳಗಿನದು ಸರಬರಾಜುದಾರರದು. ‘>’ ಗುರುತಿರುವುದು ಖರೀದಿಯವರೇ ಮೊದಲು ಬರೆದದ್ದು. ಮೇಲಿನ ಭಾಗದಲ್ಲಿ ತಿದ್ದುವುದು ಸುಲಭ: ಮುಗಿಯಿತು, ಬುಧವಾರ, ಸೇರುತ್ತೆ, ಒಪ್ಪಿಕೊಂಡಿದ್ದಾರೆ, ನೋಡಿ. ಎರಡು ನಿಮಿಷದ ಕೆಲಸ.

ಈಗ ಕೆಳಗೆ ನೋಡಿ. 2025ರ ಮಾರ್ಚ್ 12 ಮಂಗಳವಾರವಲ್ಲ, ಬುಧವಾರ. ಅಚ್ಚುಕಟ್ಟಾಗಿ ಕೆಲಸ ಮಾಡುವ ಯಾರಿಗಾದರೂ ಅದನ್ನು ‘ಬುಧವಾರ’ ಎಂದು ಮಾಡಿಬಿಡೋಣ ಅನ್ನಿಸುತ್ತದೆ. ಮೇಲಿನ ಸಾಲಿನಲ್ಲೂ ಬುಧವಾರ ಎಂದೇ ಇದೆಯಲ್ಲ! ಆದರೆ ಸರಬರಾಜುದಾರರ ಮನಸ್ಸಿನಲ್ಲಿ ಇದ್ದದ್ದು ತಾರೀಖೋ ವಾರವೋ? ಅದಕ್ಕೂ ಮೊದಲಿನ ಮೇಲ್‌ನಲ್ಲಿ 11ರೊಳಗೆ ಬೇಕು ಎಂದು ಕೇಳಿದ್ದಾರೆ, ಮಂಗಳವಾರ ಬರುವುದು 11ಕ್ಕೆ. ಅಂದರೆ ವಾರ ಸರಿಯಿದ್ದು ತಾರೀಖು ತಪ್ಪಿರುವ ಸಾಧ್ಯತೆಯೂ ಅಷ್ಟೇ ಇದೆ. ಆ ಒಂದು ಪದ ತಿದ್ದಿದ ಕೂಡಲೇ ಈ ಅನುಮಾನ ಹುಟ್ಟುವ ಜಾಗವೇ ಅಳಿಸಿಹೋಗುತ್ತದೆ. ಸರಬರಾಜುದಾರರ ಹೆಸರಿನ ಕೆಳಗೆ, ಅವರು ಬರೆದ ದಿನ ಮತ್ತು ಗಂಟೆಯ ಕೆಳಗೆ, ಅವರು ಹೇಳದ ಮಾತು ಕೂತುಬಿಡುತ್ತದೆ.

ಇನ್ನೂ ಒಂದು ವಿಷಯವಿದೆ. ಕೆಳಗಿರುವುದು ‘ಕಳಿಸುತೇವೆ’, ಮೇಲಿರುವುದು ‘ನಮ್ಮ ಕೈ ಸೇರುತೆ’. ಲಾರಿ ಹೊರಡುವ ದಿನವೂ ಮಾಲು ತಲುಪುವ ದಿನವೂ ಒಂದೇ ಆಗಬೇಕಿಲ್ಲ. ಇಲ್ಲಿ ತಪ್ಪಿರುವುದು ಹೊಸ ಬರಹದಲ್ಲಿ. ಹಾಗೆಂದು ತಿದ್ದುವವರು ಅದನ್ನೂ ಸದ್ದಿಲ್ಲದೆ ಬದಲಿಸಬಾರದು. ಫೋನಿನಲ್ಲಿ ಬೇರೆ ಮಾತುಕತೆ ಆಗಿದ್ದರೂ ಆಗಿರಬಹುದು. ಬರೆದವರನ್ನು ಕೇಳಬೇಕು: ‘ಕೆಳಗೆ 12, ಮಂಗಳವಾರ ಎಂದಿದೆ, ಎರಡೂ ಹೊಂದುವುದಿಲ್ಲ. ಅಲ್ಲದೆ ಅವರು ಕಳಿಸುತ್ತೇವೆ ಎಂದಿದ್ದಾರೆ, ತಲುಪುತ್ತದೆ ಎಂದಿಲ್ಲ. ಒಂದು ಸಲ ವಿಚಾರಿಸುತ್ತೀರಾ?’ ವಿಚಾರಿಸಲು ಸಮಯವಿಲ್ಲದಿದ್ದರೆ ಮೇಲಿನ ಭಾಗದಲ್ಲಿಯೇ ಒಂದು ವಾಕ್ಯ ಸೇರಿಸಲು ಹೇಳಬೇಕು: ‘ಕೆಳಗಿನ ಮೇಲ್‌ನಲ್ಲಿ ತಾರೀಖು ಮತ್ತು ವಾರ ಹೊಂದುತ್ತಿಲ್ಲ, ಖಚಿತಪಡಿಸಿಕೊಂಡು ತಿಳಿಸುತ್ತೇನೆ.’ ಹಳೆಯ ಮೇಲ್‌ನ ತಪ್ಪಿನ ಬಗ್ಗೆ ಹೊಸ ಬರಹದಲ್ಲಿ ಎಷ್ಟು ಬೇಕಾದರೂ ಹೇಳಬಹುದು. ಹಳೆಯದರೊಳಗೆ ಕೈ ಹಾಕುವಂತಿಲ್ಲ.

ನಮ್ಮ ಸರ್ಕಾರಿ ಕಚೇರಿಗಳ ಕಡತದಲ್ಲಿ ಈ ಶಿಸ್ತು ಮೊದಲಿನಿಂದಲೂ ಇದೆ. ವಿಷಯ ನಿರ್ವಾಹಕರು ಬರೆದ ಟಿಪ್ಪಣಿಯಲ್ಲಿ ತಪ್ಪು ಕಂಡರೆ ಮೇಲಧಿಕಾರಿ ಅದನ್ನು ಹೊಡೆದು ಬರೆಯುವುದಿಲ್ಲ. ಅದರ ಕೆಳಗೆ ತಮ್ಮ ಟಿಪ್ಪಣಿ ಬರೆದು, ಸಹಿ ಮತ್ತು ದಿನಾಂಕ ಹಾಕುತ್ತಾರೆ. ಮೊದಲಿನ ಟಿಪ್ಪಣಿ ಇದ್ದ ಹಾಗೆಯೇ ಉಳಿಯುತ್ತದೆ. ಮೇಲ್‌ನಲ್ಲಿ ಕ್ರಮ ಮಾತ್ರ ತಲೆಕೆಳಗು, ಹೊಸದು ಮೇಲೆ ಬರುತ್ತದೆ.

ಕಾಗದದ ಮೇಲೆ ಹೊಡೆದು ಬರೆದರೆ ಗೊತ್ತಾಗುತ್ತದೆ, ಮೇಲ್‌ನಲ್ಲಿ ಗೊತ್ತಾಗುವುದಿಲ್ಲ. ಮೂಲ ಮೇಲ್ ಹೊರಟಾಗ ಅದನ್ನು ಕಳಿಸಿದ ಸರ್ವರ್ ಸಾಮಾನ್ಯವಾಗಿ ಅದಕ್ಕೊಂದು ಡಿಜಿಟಲ್ ಸಹಿ ಹಾಕಿರುತ್ತದೆ. ಡಿಕೆಐಎಂ ಎಂದು ಅದರ ಹೆಸರು. ದಾರಿಯಲ್ಲಿ ಆ ಮೇಲ್ ಬದಲಾದರೆ ಸಹಿ ಹೊಂದದೆ ಸಿಕ್ಕಿಬೀಳುತ್ತದೆ. ಆದರೆ ನಾವು ಫಾರ್ವರ್ಡ್ ಒತ್ತಿದಾಗ ಹೋಗುವುದು ಆ ಮೇಲ್ ಅಲ್ಲ. ಅದರ ಪಠ್ಯವನ್ನು ನಕಲಿಸಿಕೊಂಡ ನಮ್ಮದೇ ಹೊಸ ಮೇಲ್. ಸಹಿಯೂ ನಮ್ಮ ಸರ್ವರಿನದೇ. ಯಂತ್ರದ ದೃಷ್ಟಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ನಾವೇ ಟೈಪ್ ಮಾಡಿದಂತೆ. ಹೀಗಾಗಿ ಸರಬರಾಜುದಾರರ ವಾಕ್ಯದಲ್ಲಿ ಏನು ಬದಲಿಸಿದರೂ ಯಾವ ಎಚ್ಚರಿಕೆಯೂ ಬರುವುದಿಲ್ಲ. ಮುಂದೆ ಓದುವವರು ಆ ಭಾಗವನ್ನು ಸುಮ್ಮನೆ ನಂಬುತ್ತಾರೆ.

ಮೇಲ್‌ನ ಸಾಲುಗಳು ಎಷ್ಟು ತೂಕ ಹೊರಬಲ್ಲವು ಎಂಬುದಕ್ಕೆ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ಪ್ರಕರಣ ಸಾಕ್ಷಿ. ಬಾಕ್ಸೈಟ್ ಅದಿರಿನ 5 ಹಡಗು ಸರಕಿಗೆ ಸಂಬಂಧಿಸಿದ ವ್ಯವಹಾರವದು. 2007ರ ಅಕ್ಟೋಬರ್‌ನಲ್ಲಿ ಮೇಲ್‌ನಲ್ಲೇ ಪ್ರಸ್ತಾವ ಹೋಗಿತ್ತು, ಮೇಲ್‌ನಲ್ಲೇ ಒಪ್ಪಿಗೆ ಬಂದಿತ್ತು. ವಿಧಿವತ್ತಾದ ಕರಾರುಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಆದರೂ ಆ ಮೇಲ್‌ಗಳಿಂದಲೇ ಒಪ್ಪಂದ ಆಗಿದೆ ಎಂದು ನ್ಯಾಯಾಲಯ ಹೇಳಿತು. ಅಂಥ ಕಡೆ ‘ಕಳಿಸುತ್ತೇವೆ’ ಎಂದಿತ್ತೇ, ‘ಕಳಿಸಬಹುದು’ ಎಂದಿತ್ತೇ ಎಂಬುದೇ ಪ್ರಶ್ನೆಯಾಗುತ್ತದೆ. ನಾಲ್ಕು ಕೈ ದಾಟಿ ಬಂದ ಸರಣಿಯಲ್ಲಿ ಯಾರೋ ಭಾಷೆ ಚೆಂದ ಮಾಡಿದ್ದರೆ, ಎದುರಿನವರು ತಮ್ಮ ಬಳಿಯ ಮೂಲ ತೆಗೆದು ಪಕ್ಕದಲ್ಲಿಟ್ಟ ಕೂಡಲೇ ಇಡೀ ಸರಣಿಯ ಮೇಲಿನ ನಂಬಿಕೆ ಹೋಗುತ್ತದೆ. ತಿದ್ದಿದ್ದು ಬರೀ ಒತ್ತಕ್ಷರ ಎಂದರೂ ಆಗ ಯಾರೂ ಕೇಳುವುದಿಲ್ಲ.

ಹಾಗಾದರೆ ಗೆರೆ ಎಲ್ಲಿದೆ ಎಂದು ಗುರುತಿಸುವುದು ಹೇಗೆ? ಮೇಲಿನ ಉದಾಹರಣೆಯಲ್ಲಿ ಜಿಮೇಲ್ ಅದನ್ನು ತಾನೇ ಎಳೆದಿದೆ. ಔಟ್‌ಲುಕ್‌ನಲ್ಲಿ ‘From’, ‘Sent’, ‘To’, ‘Subject’ ಎಂಬ ಸಾಲುಗಳ ಗುಂಪು ಶುರುವಾದಲ್ಲಿಂದ ಹಳೆಯದು. ಆಪಲ್ ಮೇಲ್‌ನಲ್ಲಿ ‘Begin forwarded message:’ ಎಂದು ಬರುತ್ತದೆ. ಇಷ್ಟಾದರೆ ಸಲೀಸು. ತೊಡಕಾಗುವುದು ಹಳೆಯದರ ನಡುವೆ ಹೊಸದು ಸೇರಿದಾಗ. ಅವರ ಐದು ಪ್ರಶ್ನೆಗಳ ಕೆಳಗೆ ಒಂದೊಂದಾಗಿ ಉತ್ತರ ಬರೆದು, ಮೇಲೆ ‘ನನ್ನ ಉತ್ತರ ಕೆಂಪಿನಲ್ಲಿದೆ’ ಎನ್ನುವವರು ಬಹಳ ಮಂದಿ ಇದ್ದಾರೆ. ಆ ಮೇಲ್ ಮುಂದೆಲ್ಲೋ ಬರೀ ಪಠ್ಯವಾಗಿ ಬದಲಾದರೆ ಬಣ್ಣ ಹೋಗಿ, ಯಾರ ಮಾತು ಯಾವುದು ಎಂದು ತಿಳಿಯದಾಗುತ್ತದೆ. ಔಟ್‌ಲುಕ್‌ನಲ್ಲಿ ಇದಕ್ಕೆಂದೇ ‘Preface comments with’ ಎಂಬ ಆಯ್ಕೆಯಿದೆ. ಅದನ್ನು ಹಾಕಿಕೊಂಡರೆ ನಡುವೆ ಬರೆದ ಪ್ರತಿ ಉತ್ತರದ ಮುಂದೆಯೂ ಬರೆದವರ ಹೆಸರು ತಾನಾಗಿ ಬೀಳುತ್ತದೆ.

‘>’ ಗುರುತನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಪಠ್ಯ ಮಾತ್ರದ ಮೇಲ್‌ನಲ್ಲಿ ಸಾಲುಗಳನ್ನು ಒಂದು ಅಳತೆಗೆ ಮುರಿದಿರುತ್ತಾರೆ. ಪ್ರತಿ ಸಲ ಉಲ್ಲೇಖವಾದಾಗ ಮುಂದೆ ಒಂದು ‘>’ ಸೇರಿ ಸಾಲು ಉದ್ದವಾಗುತ್ತದೆ, ಅಳತೆ ಮೀರುತ್ತದೆ, ಕೊನೆಯ ಒಂದೆರಡು ಪದ ಗುರುತಿಲ್ಲದೆ ಕೆಳಗಿನ ಸಾಲಿಗೆ ಜಾರುತ್ತದೆ. ನೋಡುವವರಿಗೆ ಅದು ಯಾರೋ ಹೊಸದಾಗಿ ಬರೆದ ತುಂಡಿನಂತೆ ಕಾಣುತ್ತದೆ. ವಾಕ್ಯದ ಅರ್ಧ ಮೇಲಿನ ಸಾಲಿನಲ್ಲಿದೆಯೇ ಎಂದು ಓದಿ ನೋಡಿದರೆ ತಿಳಿಯುತ್ತದೆ.

ಕೈ ಜಾರುವುದು ಹೆಚ್ಚಾಗಿ ಬೇಕೆಂದು ಮಾಡುವುದರಿಂದಲ್ಲ, ಸಲಕರಣೆಗಳಿಂದ. ‘ಗ್ಯಾಸ್ಕೇಟ್’ ಎಂದಿರುವುದನ್ನೆಲ್ಲ ಒಂದೇ ಏಟಿಗೆ ‘ಗ್ಯಾಸ್ಕೆಟ್’ ಮಾಡಲು ‘Replace All’ ಒತ್ತಿದರೆ ಅದಕ್ಕೆ ಗೆರೆ ಗೊತ್ತಿಲ್ಲ, ತಳದವರೆಗೂ ಹೋಗುತ್ತದೆ. ಕಾಗುಣಿತ ಪರೀಕ್ಷಕ ಕೆಳಗೂ ಕೆಂಪು ಗೆರೆ ಎಳೆದು ಕರೆಯುತ್ತಿರುತ್ತದೆ. ಔಟ್‌ಲುಕ್‌ನ ಮೇಲ್ ಆಯ್ಕೆಗಳಲ್ಲಿ ‘Ignore original message text in reply or forward’ ಎಂಬುದಕ್ಕೆ ಗುರುತು ಹಾಕಿಟ್ಟರೆ ಹಳೆಯ ಭಾಗವನ್ನು ಅದು ನೋಡುವುದಿಲ್ಲ. ಸರಣಿಯಲ್ಲಿ ಯಾರೋ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದಿದ್ದರೆ ಅದನ್ನು ಕನ್ನಡ ಲಿಪಿಗೆ ತರುವುದೂ ತಿದ್ದಿದಂತೆಯೇ. ಅಗತ್ಯ ಬಿದ್ದರೆ ಅದರ ಸಾರಾಂಶವನ್ನು ಮೇಲಿನ ಭಾಗದಲ್ಲಿ ಬರೆಯಬಹುದು.

ನಾನು ಸೂಚಿಸುವ ವಿಧಾನ ಇದು. ಮೊದಲು ಇಡೀ ಮೇಲ್ ಅನ್ನು ಒಂದು ಕಡತಕ್ಕೆ ನಕಲಿಸಿ ‘ಮೊದಲು’ ಎಂದು ಇಟ್ಟುಕೊಳ್ಳಿ. ಗೆರೆಯ ಮೇಲಿನದನ್ನು ಮಾತ್ರ ಬೇರೆ ಹಾಳೆಗೆ ತಂದು ಅಲ್ಲಿ ತಿದ್ದಿ, ವಾಪಸ್ ಅದೇ ಜಾಗಕ್ಕೆ ಅಂಟಿಸಿ. ಕೆಳಗಿನದು ಕಣ್ಣೆದುರೇ ಇಲ್ಲದಿದ್ದರೆ ಬೆರಳು ಅತ್ತ ಹೋಗುವುದಿಲ್ಲ. ಕೊನೆಗೆ ಇಡೀ ಮೇಲ್ ಅನ್ನು ‘ನಂತರ’ ಎಂದು ಉಳಿಸಿ, ವರ್ಡ್‌ನ ‘Compare’ನಲ್ಲಿ ಎರಡನ್ನೂ ಹಾಕಿ. ಬದಲಾವಣೆಯ ಗುರುತುಗಳೆಲ್ಲ ಗೆರೆಯ ಮೇಲೆಯೇ ಇರಬೇಕು. ಕೆಳಗೆ ಒಂದೇ ಒಂದು ಅಲ್ಪವಿರಾಮ ಗುರುತಾಗಿ ಬಂದರೂ ‘ಮೊದಲು’ ಕಡತದಿಂದ ಆ ಭಾಗವನ್ನು ಮತ್ತೆ ತಂದು ಹಾಕಿ.

ಮೇಲ್‌ನ ತಲೆಯಲ್ಲಿರುವ ವಿಷಯದ ಸಾಲು ಹೊಸದೋ ಹಳೆಯದೋ ಎಂಬ ಪ್ರಶ್ನೆ ಬರುತ್ತದೆ. ಅದು ಹೊಸ ಮೇಲ್‌ನ ಭಾಗ, ತಿದ್ದಿದರೆ ಯಾರ ಮಾತನ್ನೂ ಬದಲಿಸಿದಂತಲ್ಲ. ಆದರೆ ಜಿಮೇಲ್‌ನಲ್ಲಿ ವಿಷಯ ಬದಲಾದರೆ ಸರಣಿ ತುಂಡಾಗಿ ಬೇರೆ ಸಂಭಾಷಣೆಯಾಗುತ್ತದೆ, ಮುಂದೆ ಹುಡುಕುವವರಿಗೆ ಅರ್ಧವೇ ಸಿಗುತ್ತದೆ. ‘ಆರ್ಡರ’ ಹಾಗೆಯೇ ಇರಲಿ.

ಕೆಳಗಿನದರಲ್ಲಿ ಕೆಲವನ್ನು ಕಳಿಸಲೇಬಾರದು ಎಂಬ ಸಂದರ್ಭವೂ ಇರುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆ, ಯಾರದೋ ಮನೆಯ ವಿಳಾಸ, ಈ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಹಳೆಯ ಮೇಲ್‌ಗಳು. ತೆಗೆಯುವುದು ತಪ್ಪಲ್ಲ, ಗೊತ್ತಾಗದಂತೆ ತೆಗೆಯುವುದು ತಪ್ಪು. ಇಡೀ ಮೇಲ್ ಬಿಟ್ಟರೆ ‘ಮಾರ್ಚ್ 3ಕ್ಕಿಂತ ಹಿಂದಿನ ಪತ್ರಗಳನ್ನು ಬಿಟ್ಟಿದ್ದೇನೆ’ ಎಂದು ಮೇಲೆ ಹೇಳಬೇಕು. ಒಂದು ಸಂಖ್ಯೆ ಮಾತ್ರ ತೆಗೆದರೆ ಆ ಜಾಗದಲ್ಲಿ ಚೌಕ ಕಂಸ ಹಾಕಿ ‘[ಖಾತೆ ಸಂಖ್ಯೆ ತೆಗೆದಿದೆ]’ ಎಂದು ಬರೆಯಬೇಕು. ಆದರೆ ಒಬ್ಬರ ವಾಕ್ಯದ ಅರ್ಧ ಇಟ್ಟು ಅರ್ಧ ತೆಗೆಯುವುದನ್ನು ಯಾವ ಕಂಸವೂ ಸರಿಮಾಡುವುದಿಲ್ಲ.

ಕೆಳಗಿರುವ ಹಳೆಯ ಮೇಲ್ ನಮ್ಮದೇ ಆಗಿದ್ದರೆ? ಉದಾಹರಣೆಯ ‘ಒಳ್ಳೆದು’ ಖರೀದಿಯವರೇ ಬರೆದದ್ದು. ತಮ್ಮ ಮಾತನ್ನು ತಾವು ತಿದ್ದಿಕೊಂಡರೆ ಏನಂತೆ ಎಂದು ಅವರಿಗೆ ಅನ್ನಿಸಬಹುದು. ಆದರೆ ಅದು ಆಗಲೇ ಸರಬರಾಜುದಾರರಿಗೆ ತಲುಪಿದೆ, ಅವರು ಉತ್ತರ ಕೊಟ್ಟದ್ದು ಆ ಸಾಲಿಗೆ. ಅವರ ಮೇಲ್‌ಪೆಟ್ಟಿಗೆಯಲ್ಲಿ ‘ಒಳ್ಳೆದು’ ಇದ್ದು ನಮ್ಮದರಲ್ಲಿ ‘ಒಳ್ಳೆಯದು’ ಇದ್ದರೆ ಒಂದೇ ಪತ್ರಕ್ಕೆ ಎರಡು ರೂಪ ಬಂದಂತಾಯಿತು. ‘11ರೊಳಗೆ’ ಎಂಬಲ್ಲಿ ನಿಜಕ್ಕೂ ತಪ್ಪಿದ್ದರೆ ಹೊಸ ಮೇಲ್ ಬರೆದು ‘ಮಾರ್ಚ್ 3ರ ನನ್ನ ಮೇಲ್‌ನಲ್ಲಿ 11 ಎಂದಿದ್ದನ್ನು 13 ಎಂದು ಓದಿಕೊಳ್ಳಿ’ ಎಂದು ಅವರಿಗೇ ತಿಳಿಸಬೇಕು.

ಜಗಳ, ಲೆಕ್ಕಪರಿಶೋಧನೆ, ವಕೀಲರ ಕೈಗೆ ಹೋಗುವ ವಿಷಯವಾದರೆ ಸಾಮಾನ್ಯ ಫಾರ್ವರ್ಡ್ ಬೇಡವೇ ಬೇಡ. ಜಿಮೇಲ್‌ನಲ್ಲೂ ಔಟ್‌ಲುಕ್‌ನಲ್ಲೂ ‘Forward as attachment’ ಎಂಬ ಆಯ್ಕೆಯಿದೆ. ಅದರಲ್ಲಿ ಮೂಲ ಮೇಲ್ ತನ್ನ ತಲೆಬರಹದ ವಿವರಗಳ ಸಮೇತ ಒಂದು ಪ್ರತ್ಯೇಕ ಕಡತವಾಗಿ ಲಗತ್ತಾಗುತ್ತದೆ. ಬರೆಯುವ ಜಾಗದಲ್ಲಿ ನಮ್ಮ ನಾಲ್ಕು ಸಾಲು ಮಾತ್ರ ಇರುತ್ತದೆ, ತಿದ್ದುವವರ ಮುಂದೆಯೂ ಅಷ್ಟೇ ಬರುತ್ತದೆ.