ಛಾವಣಿಯ ಟ್ರಸ್‌ಗೆ ಎಷ್ಟು ಕಬ್ಬಿಣ?

ಊರಿನ ಸಮುದಾಯ ಭವನಕ್ಕೋ ಶಾಲೆಯ ಪ್ರಾರ್ಥನಾ ಹಾಲಿಗೋ ಶೀಟಿನ ಛಾವಣಿ ಹಾಕಿಸುವಾಗ ಫ್ಯಾಬ್ರಿಕೇಟರ್ ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ದರ ಹೇಳುತ್ತಾನೆ. ದರದ ಮೇಲೆ ಗಂಟೆಗಟ್ಟಲೆ ಚೌಕಾಸಿ ನಡೆಯುತ್ತದೆ, ಒಟ್ಟು ಎಷ್ಟು ಕಿಲೋ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೈಸ್ಕೂಲಿನ ಗಣಿತ ಗೊತ್ತಿದ್ದವರು ಅದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

6 ಮೀಟರ್ ಅಗಲ, 12 ಮೀಟರ್ ಉದ್ದದ ಹಾಲನ್ನು ತೆಗೆದುಕೊಳ್ಳೋಣ. ಅಂದರೆ ಸುಮಾರು 20 ಅಡಿಗೆ 40 ಅಡಿ. ಟ್ರಸ್ ಗೋಡೆಯಿಂದ ಗೋಡೆಗೆ 6 ಮೀಟರ್ ದಾಟಬೇಕು, ನಡುವಿನ ಎತ್ತರ ಒಂದೂವರೆ ಮೀಟರ್ ಇರಲಿ. ಅರ್ಧ ಅಗಲ 3 ಮೀಟರ್, ಎತ್ತರ 1.5 ಮೀಟರ್ ಇರುವ ಲಂಬಕೋನ ತ್ರಿಭುಜದ ಕರ್ಣವೇ ಇಳಿಜಾರಿನ ತೊಲೆ: 3.354 ಮೀಟರ್. ಎರಡೂ ಕಡೆ ಸೇರಿ 6.7 ಮೀಟರ್. ಕೆಳಗಿನ ಅಡ್ಡ ತೊಲೆ 6 ಮೀಟರ್.

ಇಳಿಜಾರನ್ನು ಮೂರು ಸಮಭಾಗ ಮಾಡಿದರೆ ಪ್ರತಿ ಭಾಗ 1.118 ಮೀಟರ್ ಆಗುತ್ತದೆ. ಶೀಟನ್ನು ಹೊರುವ ಪರ್ಲಿನ್‌ಗಳಿಗೆ ಇದು ಒಳ್ಳೆಯ ಅಂತರ. ಪರ್ಲಿನ್ ಟ್ರಸ್ಸಿನ ಗಂಟಿನ ಮೇಲೆಯೇ ಕೂರಬೇಕು, ಎರಡು ಗಂಟುಗಳ ನಡುವೆ ಕೂತರೆ ತೊಲೆ ಬಾಗಲು ಶುರುವಾಗುತ್ತದೆ. ಹಾಗಾಗಿ ಆ ಗಂಟುಗಳಿಂದಲೇ ಕೆಳಗಿನ ತೊಲೆಗೆ ನೇರ ಕಡ್ಡಿಗಳು ಇಳಿಯುತ್ತವೆ: ಅರ್ಧ ಮೀಟರಿನವು ಎರಡು, ಒಂದು ಮೀಟರಿನವು ಎರಡು, ನಡುವೆ ಒಂದೂವರೆ ಮೀಟರಿನದು ಒಂದು. ಓರೆ ಕಡ್ಡಿಗಳು ನಾಲ್ಕು: 1.118 ಮೀಟರಿನವು ಎರಡು, 1.414 ಮೀಟರಿನವು ಎರಡು. ನೇರ ಮತ್ತು ಓರೆ ಕಡ್ಡಿಗಳೆಲ್ಲ ಸೇರಿ 9.56 ಮೀಟರ್. ಅಂಚಿನ ಅರ್ಧ ಮೀಟರಿನ ಕಡ್ಡಿಗೆ ಲೆಕ್ಕದ ಪ್ರಕಾರ ಹೊರೆಯೇ ಬರುವುದಿಲ್ಲ. ಕೆಳಗಿನ ತೊಲೆ ಜೋತುಬೀಳದಂತೆ ಹಿಡಿಯುವುದಷ್ಟೇ ಅದರ ಕೆಲಸ.

ಇನ್ನು ತೂಕ. ಇಡೀ ಟ್ರಸ್ಸಿಗೆ 50×50×6 ಮಿ.ಮೀ. ಆ್ಯಂಗಲ್ ಒಂದನ್ನೇ ಬಳಸೋಣ. ಅದು ಮೀಟರಿಗೆ 4.5 ಕಿಲೋ ತೂಗುತ್ತದೆ. ಇಳಿಜಾರಿನ ತೊಲೆಗೂ ಕೆಳಗಿನ ತೊಲೆಗೂ ಜೋಡಿ ಆ್ಯಂಗಲ್, ಕಡ್ಡಿಗಳಿಗೆ ಒಂಟಿ. ಒಟ್ಟು 35 ಮೀಟರ್ ಆ್ಯಂಗಲ್, 157 ಕಿಲೋ. ಸೂರು ಗೋಡೆಯಾಚೆಗೆ ಅರ್ಧರ್ಧ ಮೀಟರ್ ಚಾಚಿದರೆ ಇನ್ನೂ 9 ಕಿಲೋ. ಗಂಟುಗಳನ್ನು ಬೆಸೆಯುವ ಗಸೆಟ್ ಪ್ಲೇಟುಗಳಿಗೆ ಸುಮಾರು 17, ಗೋಡೆಯ ಮೇಲಿನ ಎರಡು ಬೇಸ್ ಪ್ಲೇಟಿಗೆ 10. ಹೀಗೆ ಒಂದು ಟ್ರಸ್ 193 ಕಿಲೋ ಆಯಿತು. ಮೂರು ಮೀಟರಿಗೊಂದರಂತೆ ಐದು ಟ್ರಸ್ಸಿಗೆ 965 ಕಿಲೋ.

ಬಜೆಟ್ ಎಡವುವುದು ಇದರ ನಂತರ. ಒಂದು ಇಳಿಜಾರಿಗೆ ಐದು ಸಾಲಿನಂತೆ ಹತ್ತು ಸಾಲು ಪರ್ಲಿನ್, ತಲಾ 12 ಮೀಟರ್, ಅಂದರೆ 120 ಮೀಟರ್. ಮೀಟರಿಗೆ 4 ಕಿಲೋದ ಪೈಪು ಹಾಕಿದರೂ 480 ಕಿಲೋ. ಟ್ರಸ್ಸಿನ ಅರ್ಧದಷ್ಟು ಕಬ್ಬಿಣ ಪರ್ಲಿನ್‌ಗೇ ಹೋಗುತ್ತದೆ! ಟ್ರಸ್ಸುಗಳು ಪಕ್ಕಕ್ಕೆ ವಾಲದಂತೆ ಕಟ್ಟುವ ಬ್ರೇಸಿಂಗ್ ಸೇರಿದರೆ ಒಟ್ಟು ಒಂದೂವರೆ ಟನ್ನಿನ ಆಸುಪಾಸು, ಚದರ ಮೀಟರಿಗೆ ಸುಮಾರು 20 ಕಿಲೋ. ನಿಮ್ಮ ಕೈಗೆ ಬಂದ ಕೊಟೇಶನ್ ಇದಕ್ಕಿಂತ ತೀರಾ ಕಡಿಮೆ ಇದ್ದರೆ ಪರ್ಲಿನ್ ಬಿಟ್ಟುಹೋಗಿದೆಯೇ ಎಂದು ಮೊದಲು ಕೇಳಿ.

ಸರಕು ಬಂದಾಗ ಇನ್ನೊಂದು ಪರೀಕ್ಷೆ ಮಾಡಿ. 6 ಮಿ.ಮೀ. ದಪ್ಪದ ಆ್ಯಂಗಲ್ ಎಂದು 5 ಮಿ.ಮೀ.ಯದನ್ನು ಕೊಟ್ಟರೆ ಬಣ್ಣ ಬಳಿದ ಮೇಲೆ ಕಣ್ಣಿಗೆ ತಿಳಿಯುವುದಿಲ್ಲ. ಆರು ಮೀಟರಿನ ಒಂದು ಪೂರ್ತಿ ಆ್ಯಂಗಲನ್ನು ತೂಗಿಸಿ. 27 ಕಿಲೋದ ಹತ್ತಿರ ಬರಬೇಕು. 23ರ ಹತ್ತಿರ ನಿಂತರೆ ಅದು 5 ಮಿ.ಮೀ.ಯದು. ಇದರಲ್ಲಿ ಹೋಗುವುದು ದುಡ್ಡು ಮಾತ್ರವಲ್ಲ, ಟ್ರಸ್ಸಿನ ಬಲವೂ ಹೌದು.

ಈ ಛಾವಣಿ ಹಗುರವಾಗಿರುವುದೇ ಅದರ ಅಪಾಯವೂ ಹೌದು. ಶೀಟು ಸೇರಿದರೂ ಚದರ ಮೀಟರಿಗೆ 25 ಕಿಲೋ ದಾಟುವುದು ಕಷ್ಟ. ಬೆಂಗಳೂರಿಗೆ ಭಾರತೀಯ ಮಾನಕ ಸಂಹಿತೆ ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 66 ಕಿಲೋ ಭಾರಕ್ಕೆ ಸಮ. ಅದರಲ್ಲಿ ಅರ್ಧದಷ್ಟು ಮೇಲಕ್ಕೆ ಎಳೆದರೂ ಛಾವಣಿ ತನ್ನ ತೂಕದಿಂದಲೇ ಕೂತಿರಲಾರದು. ಬಾಗಿಲು ಕಿಟಕಿ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿಯೂ ಕೆಳಗಿನಿಂದ ತಳ್ಳುತ್ತದೆ. ಆಗ ಎಳೆತ ತಡೆಯಲೆಂದು ಹಾಕಿದ ಕೆಳಗಿನ ತೊಲೆ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಬಾಗಬಹುದು.

ಆದ್ದರಿಂದ ಯಾವ ಆ್ಯಂಗಲ್, ಎಲ್ಲೆಲ್ಲಿ ಬ್ರೇಸಿಂಗ್, ಬೇಸ್ ಪ್ಲೇಟಿನ ಬೋಲ್ಟು ಕಾಂಕ್ರೀಟಿನೊಳಗೆ ಎಷ್ಟು ಆಳ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರಿಂದಲೇ ಬರೆಸಿಕೊಳ್ಳಿ. ಆ ನಕ್ಷೆ ಕೈಯಲ್ಲಿ ಹಿಡಿದು ಉದ್ದ ಕೂಡಿಸಿ ತೂಕ ಕಟ್ಟುವ ಕೆಲಸವನ್ನು ನೀವೇ ಮಾಡಿ, ಮುಂಗಡ ಕೊಡುವುದಕ್ಕೆ ಮುಂಚೆ.