ಚೌಚೌ ಬಾತ್‌ನ ತೂಕ ಯಾವುದರಲ್ಲಿದೆ?

ಬೆಂಗಳೂರಿನ ದರ್ಶಿನಿಗಳಲ್ಲಿ ಬೆಳಗ್ಗೆ ‘ಒಂದು ಚೌಚೌ ಬಾತ್’ ಎಂದರೆ ಒಂದೇ ತಟ್ಟೆಯಲ್ಲಿ ಎರಡು ದಿಬ್ಬ ಬರುತ್ತವೆ. ಒಂದು ಹಳದಿಗೆ ತಿರುಗಿದ ಖಾರಾಬಾತ್, ಇನ್ನೊಂದು ಕೇಸರಿಬಾತ್. ಪಕ್ಕಕ್ಕೆ ಚಟ್ನಿ, ಆಮೇಲೆ ಫಿಲ್ಟರ್ ಕಾಫಿ. ಎರಡನ್ನೂ ಒಂದೇ ಅಳತೆಯ ಬಟ್ಟಲಿನಿಂದ ಬೋರಲು ಹಾಕಿರುವುದರಿಂದ ಎರಡೂ ಒಂದೇ ಎಂದು ಕಣ್ಣಿಗೆ ಕಾಣುತ್ತದೆ. ಎರಡಕ್ಕೂ ಮೂಲ ರವೆಯೇ. ಆದರೆ ಕ್ಯಾಲರಿ ಲೆಕ್ಕಕ್ಕೆ ಕೂತರೆ ಈ ಸಮಾನತೆ ಉಳಿಯುವುದಿಲ್ಲ.

ಲೆಕ್ಕ ಶುರುಮಾಡಬೇಕಾದ್ದು ತಟ್ಟೆಯಿಂದ ಅಲ್ಲ, ಅಡುಗೆಮನೆಯ ದೊಡ್ಡ ಪಾತ್ರೆಯಿಂದ. ಒಂದು ಕಿಲೋ ರವೆಗೆ ಕಾಲು ಕಿಲೋ ಎಣ್ಣೆ, ಮೂರು ಲೀಟರ್ ನೀರು, ಒಂದಿಷ್ಟು ಬೀನ್ಸ್, ಕ್ಯಾರೆಟ್ ಹಾಕಿ ಖಾರಾಬಾತ್ ಮಾಡಿದರು ಎನ್ನಿ. ಅದರಲ್ಲಿ 25 ಪ್ಲೇಟ್ ಆಗುತ್ತದೆ. ಅಲ್ಲಿಗೆ ಒಬ್ಬರ ಪಾಲಿಗೆ ಬರುವ ರವೆ 40 ಗ್ರಾಂ, ಎಣ್ಣೆ 10 ಗ್ರಾಂ. ಒಣ ರವೆ ಗ್ರಾಂಗೆ ಸುಮಾರು ಮೂರೂವರೆ ಕ್ಯಾಲರಿಯಂತೆ 140, ಎಣ್ಣೆ ಗ್ರಾಂಗೆ 9ರಂತೆ 90, ತರಕಾರಿ ಮತ್ತು ಒಗ್ಗರಣೆಯ ಬೇಳೆಗೆ 25. ಒಟ್ಟು 255. ತಟ್ಟೆಯಲ್ಲಿರುವ ತೂಕದ ಬಹುಪಾಲು ನೀರು, ಅದಕ್ಕೆ ಕ್ಯಾಲರಿಯೇ ಇಲ್ಲ. ಇದಕ್ಕೆ ಕಾಯಿಚಟ್ನಿಯ 75 ಸೇರಿಸಿಕೊಳ್ಳಿ.

ಈಗ ಕೇಸರಿಬಾತ್. ಒಂದು ಕಿಲೋ ರವೆಗೆ ಒಂದೂವರೆ ಕಿಲೋ ಸಕ್ಕರೆ, 600 ಗ್ರಾಂ ತುಪ್ಪ ಅಥವಾ ವನಸ್ಪತಿ ಹಾಕುವುದು ಹೋಟೆಲಿನಲ್ಲಿ ದೊಡ್ಡ ವಿಷಯವೇನಲ್ಲ. ಸಕ್ಕರೆ, ತುಪ್ಪಗಳ ತೂಕವೇ ಸೇರಿಕೊಳ್ಳುವುದರಿಂದ ಇಲ್ಲಿ ಅದೇ ಒಂದು ಕಿಲೋ ರವೆಗೆ 40 ಪ್ಲೇಟ್ ಆಗುತ್ತದೆ. ಅಂದರೆ ಒಂದು ಪ್ಲೇಟಿಗೆ ರವೆ ಬರೀ 25 ಗ್ರಾಂ. ಅದರಿಂದ 88 ಕ್ಯಾಲರಿ. ಸಕ್ಕರೆ ಸುಮಾರು 37 ಗ್ರಾಂ, 150 ಕ್ಯಾಲರಿ. ತುಪ್ಪ 15 ಗ್ರಾಂ, 135. ಗೋಡಂಬಿ, ದ್ರಾಕ್ಷಿ ಸೇರಿ ಇನ್ನೊಂದು 25. ಹತ್ತಿರಹತ್ತಿರ 400. ಖಾರಾಬಾತ್‌ಗಿಂತ ರವೆ ಕಡಿಮೆ, ಕ್ಯಾಲರಿ ಒಂದೂವರೆ ಪಟ್ಟು! ತುಪ್ಪವೋ ವನಸ್ಪತಿಯೋ ಎಂಬ ಪ್ರಶ್ನೆ ರುಚಿಗೂ ಹೃದಯಕ್ಕೂ ಮುಖ್ಯ ಇರಬಹುದು. ಕ್ಯಾಲರಿಗೆ ಎರಡೂ ಒಂದೇ.

ಹೋಟೆಲಿನವರು ಇಷ್ಟೊಂದು ಸುರಿಯುವುದು ಬರೀ ಧಾರಾಳತನದಿಂದ ಅಲ್ಲ. ಬೆಳಗ್ಗೆ ಆರಕ್ಕೆ ಮಾಡಿದ ಬಾತ್ ಹತ್ತು ಗಂಟೆಗೂ ಮೆತ್ತಗಿರಬೇಕು. ಬೆಂದ ರವೆ ಹೊತ್ತು ಹೋದಂತೆ ನೀರು ಹೀರುತ್ತಾ ಗಟ್ಟಿಯಾಗಿ ಮುದ್ದೆಕಟ್ಟುತ್ತದೆ. ಜಿಡ್ಡು ರವೆಯ ಕಾಳುಗಳನ್ನು ಒಂದಕ್ಕೊಂದು ಅಂಟಲು ಬಿಡುವುದಿಲ್ಲ, ಸಕ್ಕರೆ ತೇವವನ್ನು ಹಿಡಿದಿಡುತ್ತದೆ. ಮನೆಯಲ್ಲಿ ಮಾಡಿ ಆಗಲೇ ಬಡಿಸುವುದಾದರೆ ಇಷ್ಟು ಬೇಕಾಗಿಲ್ಲ. ಹಾಗಾಗಿ ಮನೆಯ ಉಪ್ಪಿಟ್ಟಿನ ಅಂಕಿಯನ್ನು ಹೋಟೆಲಿನ ತಟ್ಟೆಗೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಅಳತೆ ಹೋಟೆಲಿನಿಂದ ಹೋಟೆಲಿಗೆ ಬೇರೆ. ನಿಮ್ಮ ತಟ್ಟೆಯಲ್ಲಿ ಎಷ್ಟಿದೆ ಎಂಬುದಕ್ಕೆ ಒಂದೆರಡು ಗುರುತುಗಳಿವೆ. ಕೇಸರಿಬಾತನ್ನು ಚಮಚದ ಬೆನ್ನಿನಿಂದ ಒತ್ತಿ: ಅಂಚಿನಲ್ಲಿ ಜಿಡ್ಡು ಒಸರಿದರೆ 15 ಗ್ರಾಂ ಎಂಬ ಅಂದಾಜು ಕಡಿಮೆಯೇ. ತಿಂದ ಮೇಲೆ ಸ್ಟೀಲ್ ತಟ್ಟೆಯಲ್ಲಿ ಖಾರಾಬಾತ್ ಇದ್ದ ಜಾಗ ಹೊಳೆಯುತ್ತಿದ್ದರೆ ಅಲ್ಲೂ ಅದೇ ಮಾತು.

ಕಾಫಿಯದು ಚಿಕ್ಕ ಲೆಕ್ಕ. ಡಿಕಾಕ್ಷನ್‌ನಲ್ಲಿ ಕ್ಯಾಲರಿ ಇಲ್ಲವೆಂದೇ ಹೇಳಬಹುದು. 80 ಮಿಲಿ ಟೋನ್ಡ್ ಹಾಲಿನಿಂದ 50, ಎರಡು ಚಮಚ ಸಕ್ಕರೆಯಿಂದ 40. ಕೆನೆಭರಿತ ಹಾಲಾದರೆ ಇನ್ನೊಂದು 20 ಹೆಚ್ಚು.

ಎಲ್ಲ ಕೂಡಿದರೆ 820 ಕ್ಯಾಲರಿ. ಇದರಲ್ಲಿ ರವೆಯ ಪಾಲು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅರ್ಧದಷ್ಟು ಎಣ್ಣೆ, ತುಪ್ಪ, ಸಕ್ಕರೆಯದೇ. ಐಸಿಎಂಆರ್ 2020ರಲ್ಲಿ ಕೊಟ್ಟ ಅಂದಾಜಿನಂತೆ, ಕೂತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಬೇಕಾದ್ದು 1660 ಕ್ಯಾಲರಿ, 65 ಕಿಲೋ ತೂಕದ ಗಂಡಸಿಗೆ 2110. ಅಂದರೆ ಆಕೆಯ ದಿನದ ಅರ್ಧ, ಆತನ ದಿನದ ಐದರಲ್ಲಿ ಎರಡು ಪಾಲು ಬೆಳಗಿನ ಒಂದು ತಟ್ಟೆಯಲ್ಲೇ ಮುಗಿಯಿತು. ಸಕ್ಕರೆಯಂತೂ ಕಾಫಿಯದೂ ಸೇರಿ 47 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಕೇಸರಿಬಾತನ್ನು ತಟ್ಟೆ ತುಂಬ ತಿಂದು, ಆಮೇಲೆ ಗಂಭೀರವಾಗಿ ‘ಶುಗರ್‌ಲೆಸ್ ಕಾಫಿ’ ಹೇಳುವವರು ಪ್ರತಿ ದರ್ಶಿನಿಯಲ್ಲೂ ಸಿಗುತ್ತಾರೆ. ಅವರಿಗೆ ಉಳಿದದ್ದು 40 ಕ್ಯಾಲರಿ. ಕಾಫಿಯನ್ನು ಬೈ ಟು ಮಾಡುವ ನಾವು ಕೇಸರಿಬಾತನ್ನು ಯಾಕೆ ಮಾಡಬಾರದು? ಜೊತೆಗಿರುವವರಿಗೆ ಅರ್ಧ ಕೊಟ್ಟರೆ 200 ಕ್ಯಾಲರಿ ಉಳಿಯುತ್ತದೆ, ಕಾಫಿಗೆ ಸಕ್ಕರೆಯನ್ನೂ ಹಾಕಿಸಿಕೊಳ್ಳಬಹುದು.