ಎರಡು ರೆಸ್ಯೂಮೆ, ಒಂದು ಅಂಕಪಟ್ಟಿ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆಗೆ ಅಕೌಂಟೆಂಟ್ ಬೇಕಾಗಿದ್ದಾರೆ ಎಂದಿಟ್ಟುಕೊಳ್ಳಿ. ಅರ್ಜಿಗಳನ್ನೆಲ್ಲ ಸೋಸಿದ ಮೇಲೆ ಮ್ಯಾನೇಜರ್ ಮೇಜಿನ ಮೇಲೆ ಎರಡು ರೆಸ್ಯೂಮೆ ಉಳಿದಿವೆ. ಒಬ್ಬರು ಎಂ.ಕಾಂ. ಓದಿ ಬೆಂಗಳೂರಿನ ಆಡಿಟರ್ ಕಚೇರಿಯಲ್ಲಿ 4 ವರ್ಷ ದುಡಿದವರು. ಇನ್ನೊಬ್ಬರು ಬಿ.ಕಾಂ., ಹುಬ್ಬಳ್ಳಿಯ ಹಾರ್ಡ್‌ವೇರ್ ಸಗಟು ಅಂಗಡಿಯೊಂದರಲ್ಲಿ 3 ವರ್ಷ ಲೆಕ್ಕ ಬರೆದವರು. ಆಮೇಲೆ ಒಂದು ವರ್ಷ ಕೆಲಸದಲ್ಲಿರಲಿಲ್ಲ. ಎರಡನ್ನೂ ಓದಿದ ಕೂಡಲೇ ಮನಸ್ಸು ಮೊದಲನೆಯದರ ಕಡೆ ವಾಲುತ್ತದೆ. ಹಾಗೆ ವಾಲಿದ್ದು ಕೆಲಸಕ್ಕೆ ಬೇಕಾದ ಗುಣ ನೋಡಿಯೋ, ಡಿಗ್ರಿ ನೋಡಿಯೋ ಎಂಬುದು ಗೊತ್ತಾಗಬೇಕಾದರೆ ಅಂಕ ಕೊಟ್ಟು ಬರೆದಿಡಬೇಕು.

ಈ ಟಿಪ್ಪಣಿಯ ಮೊದಲ ಅರ್ಧವನ್ನು ರೆಸ್ಯೂಮೆ ತೆರೆಯುವ ಮುಂಚೆಯೇ ಬರೆಯಬೇಕು. ಉದ್ಯೋಗದ ಜಾಹೀರಾತಿನಲ್ಲಿ ಕೇಳಿದ್ದು ನಾಲ್ಕು: ಪ್ರತಿ ತಿಂಗಳ ಜಿಎಸ್‌ಟಿ, ಟ್ಯಾಲಿಯಲ್ಲಿ ಲೆಕ್ಕ ಮತ್ತು ಬ್ಯಾಂಕ್ ತಾಳೆ, ಟಿಡಿಎಸ್, ಸರಕು ಕೊಡುವವರ ಜೊತೆ ವ್ಯವಹಾರ. ಇವಕ್ಕೆ ಮ್ಯಾನೇಜರ್ ಕ್ರಮವಾಗಿ 4, 3, 2, 1 ಎಂದು ತೂಕ ಕೊಟ್ಟಿದ್ದಾರೆ. ಜಿಎಸ್‌ಟಿಗೆ ಹೆಚ್ಚು ತೂಕ ಏಕೆಂದರೆ, ಸರಕು ಮಾರಿದವರು ತಮ್ಮ ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ ಅದು ನಮ್ಮ 2ಬಿ ಪಟ್ಟಿಯಲ್ಲಿ ಬರುವುದಿಲ್ಲ, ಕಟ್ಟಿದ ತೆರಿಗೆಯ ಕ್ರೆಡಿಟ್ಟೂ ಸಿಗುವುದಿಲ್ಲ. ಆ ಪಟ್ಟಿ ಬರುವುದು 14ಕ್ಕೆ, ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 3ಬಿ ಕಡೇ ದಿನ ಸಾಮಾನ್ಯವಾಗಿ 20. ನಡುವಿನ ಆ ಕೆಲವೇ ದಿನಗಳಲ್ಲಿ ಬಿಲ್ಲುಗಳನ್ನು ತಾಳೆ ನೋಡಬಲ್ಲವರೇ ಇಲ್ಲಿ ಬೇಕು.

ಅಂಕ 0ಯಿಂದ 4ರವರೆಗೆ. ವಿಷಯದ ಹೆಸರೇ ಇಲ್ಲದಿದ್ದರೆ 0, ಬರೀ ಹೆಸರಿದ್ದರೆ 1, ಮಾಡಿದ ಕೆಲಸದ ವಿವರಣೆ ಇದ್ದರೆ 2. ತಾವೇ ಹೊಣೆ ಹೊತ್ತು ಎಷ್ಟು ಮಾಡಿದರೆಂದು ಹೇಳಿದ್ದರೆ 3, ಅದರಿಂದ ಆದ ಫಲವನ್ನೂ ತೋರಿಸಿದ್ದರೆ 4. ಪ್ರತಿ ಅಂಕದ ಪಕ್ಕದಲ್ಲಿ ಅದಕ್ಕೆ ಆಧಾರವಾದ ರೆಸ್ಯೂಮೆಯ ಸಾಲನ್ನು ಇದ್ದ ಹಾಗೆಯೇ ಬರೆದುಕೊಳ್ಳಬೇಕು. ಸಾಲು ಸಿಗದಿದ್ದರೆ ಅಂಕವೂ ಇಲ್ಲ. ನನ್ನ ಮಟ್ಟಿಗೆ ಇಡೀ ಟಿಪ್ಪಣಿಯ ಜೀವ ಇರುವುದು ಈ ನಿಯಮದಲ್ಲೇ.

ಜಿಎಸ್‌ಟಿ ಸಾಲಿಗೇ ಬನ್ನಿ. ಮೊದಲನೆಯವರು ಬರೆದಿರುವುದು: ‘15 ಗ್ರಾಹಕರ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ನೆರವಾಗಿದ್ದೇನೆ.’ ಸಂಖ್ಯೆ ದೊಡ್ಡದು. ಆದರೆ ನೆರವು ಅಂದರೆ ಬಿಲ್ ಜೋಡಿಸಿಕೊಟ್ಟದ್ದೂ ಇರಬಹುದು, ಎಲ್ಲವನ್ನೂ ತಾವೇ ಮಾಡಿದ್ದೂ ಇರಬಹುದು. ಆದ್ದರಿಂದ 2. ಎರಡನೆಯವರದು: ‘ತಿಂಗಳಿಗೆ ಸುಮಾರು 300 ಖರೀದಿ ಬಿಲ್‌ಗಳನ್ನು 2ಬಿ ಜೊತೆ ತಾಳೆ ನೋಡಿ, ಬಾರದ ಬಿಲ್‌ಗೆ ಮಾರಿದವರಿಗೆ ಫೋನ್ ಮಾಡಿ ಸರಿಪಡಿಸುತ್ತಿದ್ದೆ.’ ಇದಕ್ಕೆ 3. ಇದೇ ವಾಕ್ಯ ನಾಲ್ಕನೆಯ ವಿಷಯಕ್ಕೂ ಆಧಾರ. ಅಲ್ಲಿಯೂ ಇವರಿಗೆ 3, ಮೊದಲನೆಯವರಿಗೆ 1. ಟ್ಯಾಲಿ ಮತ್ತು ಬ್ಯಾಂಕ್ ತಾಳೆಯಲ್ಲಿ ಮೊದಲನೆಯವರಿಗೆ 3, ಎರಡನೆಯವರಿಗೆ 2. ಟಿಡಿಎಸ್‌ನಲ್ಲಿ 3 ಮತ್ತು 0.

ಒಂದು ರೆಸ್ಯೂಮೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗದೆ, ಹೀಗೆ ಒಂದೊಂದು ವಿಷಯಕ್ಕೆ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಕಾರಣವಿದೆ. ಒಂದು ಒಳ್ಳೆಯ ಗುಣ ಕಂಡ ತಕ್ಷಣ ಉಳಿದೆಲ್ಲಕ್ಕೂ ಧಾರಾಳವಾಗಿ ಅಂಕ ಕೊಡುವ ಚಾಳಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿ ‘ಹೇಲೋ’ ಎಂದು ಕರೆದಿದ್ದರು. ಒಬ್ಬರಿಗೆ ಎಲ್ಲ ಸಾಲಿನಲ್ಲೂ ಒಂದೇ ಅಂಕ ಬಿದ್ದಿದ್ದರೆ ಅನುಮಾನಪಟ್ಟು ಮತ್ತೆ ಓದಬೇಕು. ಜಾಹೀರಾತು ಬಿ.ಕಾಂ. ಸಾಕು ಎಂದಿರುವಾಗ ಎಂ.ಕಾಂ.ಗೆ ಹೆಚ್ಚುವರಿ ಅಂಕ ಕೊಡುವಂತಿಲ್ಲ, ಖಾಲಿ ವರ್ಷಕ್ಕೆ ಕಳೆಯುವಂತೆಯೂ ಇಲ್ಲ. ಆ ವರ್ಷ ಮಗುವಿಗಾಗಿಯೋ ಮನೆಯವರ ಕಾಯಿಲೆಗಾಗಿಯೋ ಹೋಗಿರಬಹುದು. 2ಬಿ ತಾಳೆಗೂ ಅದಕ್ಕೂ ಸಂಬಂಧವಿಲ್ಲ.

ತೂಕದಿಂದ ಗುಣಿಸಿ ಕೂಡಿದರೆ 40ಕ್ಕೆ ಮೊದಲನೆಯವರಿಗೆ 24, ಎರಡನೆಯವರಿಗೆ 21. ಇಷ್ಟಕ್ಕೇ ಮುಗಿಸಿದರೆ ಅನ್ಯಾಯವಾಗುತ್ತದೆ. ಆ 3 ಅಂಕದ ಅಂತರ ನಿಂತಿರುವುದು ಟಿಡಿಎಸ್‌ನ ಒಂದು ಸೊನ್ನೆಯ ಮೇಲೆ. ಸೊನ್ನೆ ಎಂದರೆ ರೆಸ್ಯೂಮೆಯಲ್ಲಿ ಇಲ್ಲ ಎಂದಷ್ಟೇ, ಬರುವುದಿಲ್ಲ ಎಂದಲ್ಲ. ಅಂಗಡಿಯ ಟಿಡಿಎಸ್ ಕೆಲಸವನ್ನು ಹೊರಗಿನ ಆಡಿಟರ್ ನೋಡಿಕೊಂಡಿರಬಹುದು. ಇವರೇ ಮಾಡಿಯೂ ಬರೆಯದೆ ಬಿಟ್ಟಿರಬಹುದು. ಅಲ್ಲಿ 2 ಸಿಕ್ಕರೂ ಅವರು 25ಕ್ಕೆ ಏರಿ ಮುಂದಾಗುತ್ತಾರೆ. ಇತ್ತ ಮೊದಲನೆಯವರ ‘ನೆರವು’ ಸ್ವಂತ ಹೊಣೆಯೇ ಆಗಿದ್ದರೆ ಅವರದು 28.

ಹಾಗಾಗಿ ಟಿಪ್ಪಣಿಯ ಕೊನೆಯಲ್ಲಿ ಹೆಸರಿನ ಎದುರು ಟಿಕ್ ಇಲ್ಲ, ಸಂದರ್ಶನಕ್ಕೆ ಎರಡು ಪ್ರಶ್ನೆಗಳಿವೆ. ಮೊದಲನೆಯವರಿಗೆ: ಹೋದ ತಿಂಗಳ 3ಬಿಯಲ್ಲಿ ನೀವೇ ಖುದ್ದಾಗಿ ಮಾಡಿದ್ದೇನು? ಎರಡನೆಯವರಿಗೆ: ಕಂಟ್ರಾಕ್ಟರ್ ಬಿಲ್ ಬಂದರೆ ಟಿಡಿಎಸ್ ಹಿಡಿಯಬೇಕೋ ಬೇಡವೋ ಎಂದು ಹೇಗೆ ತೀರ್ಮಾನಿಸುತ್ತೀರಿ? ಉತ್ತರ ಕೇಳಿ ಅಂಕ ತಿದ್ದಬಹುದು, ತಿದ್ದಿದ ಕಾರಣವನ್ನು ಬದಿಯಲ್ಲಿ ಬರೆಯಬೇಕು. ತೂಕವನ್ನು ಮಾತ್ರ ಈಗ ಮುಟ್ಟುವಂತಿಲ್ಲ.